ಯಜಮಾನರ ಭುಜ ಹಿಡಿದುಕೊಂಡಿದೆ: ಎಳೆಸಬೇಕಾ, ಇಂಜೆಕ್ಷನ್ನಾ, ಅರಿವಳಿಕೆ ಕೊಟ್ಟು ಬಿಡಿಸೋದಾ?

ವಾರುಣಿ, ಡೊಂಬಿವಲಿ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 54 ವರ್ಷ. ಶುಗರ್ ಬಂದು ಹತ್ತು ವರ್ಷದ ಮೇಲಾಯಿತು. ಮಾತ್ರೆಯಲ್ಲೇ ಇದ್ದಾರೆ, ಇನ್ಸುಲಿನ್ ಇಲ್ಲ. ಈಚಿನ ಎಚ್‌ಬಿಎ1ಸಿ 8.9. ಗಣಪತಿ ಹಬ್ಬದ ಹೊತ್ತಿಗೆ ಬಲ ಭುಜದಲ್ಲಿ ನೋವು ಶುರುವಾಯಿತು. ಮೊದಲು ರಾತ್ರಿ ಮಾತ್ರ ನೋಯುತ್ತಿತ್ತು. ಈಗ ಹಿಂದಿನ ಜೇಬಿನಿಂದ ಪರ್ಸ್ ತೆಗೆಯೋಕೆ ಆಗಲ್ಲ, ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿಯೋಕೆ ಆಗಲ್ಲ.

ಇದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದು ಹಿಡಿದುಕೊಳ್ಳೋದು ಅಂತಾರೆ. ಎಕ್ಸ್‌ರೇ ಸರಿಯಾಗಿದೆ. ಎಂಆರ್‌ಐನಲ್ಲಿ ಕೀಲಿನ ಚೀಲ ದಪ್ಪ ಆಗಿದೆ ಅಂತಲೂ ಒಂದು ಸ್ನಾಯುಬಂಧ ಅರ್ಧ ಹರಿದಿದೆ ಅಂತಲೂ ಬರೆದಿದ್ದಾರೆ. ಸ್ಟೇಷನ್ ಹತ್ತಿರದ ಒಬ್ಬ ಫಿಸಿಯೋ ದಿನಾ ಕೈ ಹಿಡಿದು ಎಳೆಯುತ್ತಾರೆ. ಇವರಿಗೆ ಕಣ್ಣಲ್ಲಿ ನೀರು ಬರುತ್ತೆ. ಎಳೆಸಿಕೊಂಡ ರಾತ್ರಿ ನಿದ್ದೆಯೇ ಇಲ್ಲ. ಒಬ್ಬ ಮೂಳೆ ಡಾಕ್ಟರು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಅಂದರು. ಇನ್ನೊಬ್ಬರು ಮುಂದಿನ ವಾರವೇ ಅರಿವಳಿಕೆ ಕೊಟ್ಟು ಕೈ ಬಿಡಿಸಿಬಿಡೋಣ ಅಂದರು. ಮೂರು ಜನ ಮೂರು ದಾರಿ. ನಾವು ಯಾರನ್ನು ನಂಬೋಣ?

ಹೋಟೆಲ್ ಶೆಟ್ರು, ಮುಲುಂಡ್
ಅಕ್ಕ, ಇಂಜೆಕ್ಷನ್ ಮಾತ್ರ ಬೇಡ. ಸ್ಟೀರಾಯ್ಡ್ ಅಂದ್ರೆ ಶುಗರ್ ಆಕಾಶಕ್ಕೆ ಹೋಗ್ತದೆ. ಮೊದಲು ಶುಗರ್ ಇಳಿಸಿ. ಶುಗರ್ ಇಳಿದರೆ ಭುಜ ತಾನಾಗಿ ಬಿಡ್ತದೆ. ನಮ್ಮ ಕ್ಯಾಷಿಯರ್‌ಗೂ ಹಾಗೇ ಆಗಿ ಹೋಯ್ತು.

ಧಾರವಾಡದಾಂವ, ಹಿಂಜವಡಿ
ನನಗೂ ಹಿಂಗs ಆಗೇದ್ರಿ. ಜಿಮ್‌ನಾಗ ಬೆಂಚ್ ಪ್ರೆಸ್ ಮಾಡೂ ಮುಂದ ಕಟಕ್ ಅಂತು. ಕೈ ಮ್ಯಾಲೆ ಹೋಗತೈತಿ, ಆದ್ರ ನಡುವ ಒಂದು ಕಡೆ ಚುಚ್ಚತೈತಿ. ವಯಸ್ಸು 29. ನಂದೂ ಫ್ರೋಜನ್ ಏನ್ರಿ?

ಫಿಸಿಯೋ, ಕೋಥ್ರೂಡ್ ಪುಣೆ
ವಾರುಣಿ ಅವರೇ, ಯಾರನ್ನು ನಂಬೋದು ಅನ್ನೋದಕ್ಕೆ ಮೊದಲು ಭುಜ ಈಗ ಯಾವ ಹಂತದಲ್ಲಿದೆ ಅಂತ ಗೊತ್ತಾಗಬೇಕು. ನಿಮಗೆ ಹೇಳಿದ ಮೂರು ದಾರಿಯೂ ಯಾವುದೋ ಒಂದು ಹಂತದಲ್ಲಿ ಸರಿಯೇ. ತಪ್ಪು ಹಂತದಲ್ಲಿ ಮಾಡಿದರೆ ಮೂರೂ ತೊಂದರೆಯೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅವರನ್ನು ಅಂಗಾತ ಮಲಗಿಸಿ. ಮೊಣಕೈ ಪಕ್ಕೆಗೆ ತಾಗಿರಲಿ, ಸಮಕೋನಕ್ಕೆ ಮಡಿಸಿರಲಿ, ಮುಂಗೈ ಸೂರು ನೋಡುತ್ತಿರಲಿ. ಅವರು ಏನೂ ಬಲ ಹಾಕಬಾರದು. ನೀವು ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಹೊರಗಡೆಗೆ ಹಾಸಿಗೆ ಕಡೆ ಬಾಗಿಸಿ. ಎಡಗೈ ಎಷ್ಟು ಹೋಗುತ್ತೆ, ಬಲಗೈ ಎಷ್ಟು ಹೋಗುತ್ತೆ ನೋಡಿ. ಬಲಗೈ ನಿಲ್ಲುವ ಮೊದಲೇ ನೋವು ಬರುತ್ತಾ, ಇಲ್ಲ ಗೋಡೆಗೆ ತಾಗಿದ ಹಾಗೆ ನಿಂತ ಮೇಲೆ ಮಾತ್ರ ಬರುತ್ತಾ? ಇದು ಬಹಳ ಮುಖ್ಯ. ಜೊತೆಗೆ ಸುಮ್ನೆ ಕೂತಾಗಲೂ ನೋವಿದೆಯಾ ಹೇಳಿ. ಅವರು ನಮಸ್ಕಾರ ಮಾಡಿದಾಗ ಬೆರಳುಗಳು ಪೂರ್ತಿ ಕೂಡುತ್ತವಾ, ಅದನ್ನೂ ನೋಡಿ.

ಧಾರವಾಡದವರೇ, ಬೇರೆಯವರು ಎತ್ತಿದಾಗ ಕೈ ಪೂರ್ತಿ ಹೋಗುತ್ತಿದ್ದರೆ ಅದು ಫ್ರೋಜನ್ ಅಲ್ಲ. ಆ ವಯಸ್ಸಿಗೆ ಅದು ಅಪರೂಪವೂ ಹೌದು.

ಲೆಕ್ಕದ ಮೇಷ್ಟ್ರು, ಕಾಂದಿವಲಿ
ಇದಕ್ಕೆಲ್ಲ ಯಾಕೆ ಇಷ್ಟು ತಲೆಬಿಸಿ? ಇದು ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆ. ನೆದರ್ಲೆಂಡ್ಸ್‌ನಲ್ಲಿ ಡೀರ್ಕ್ಸ್ ಮತ್ತು ಸ್ಟೀವನ್ಸ್ ಅನ್ನುವವರು 2004ರಲ್ಲಿ 77 ಜನರ ಮೇಲೆ ನೋಡಿದ್ದರು. ಒಂದು ಗುಂಪಿಗೆ ಜೋರು ಫಿಸಿಯೋ, ನೋವಾದರೂ ಎಳೆಯೋದು. ಇನ್ನೊಂದು ಗುಂಪಿಗೆ ನೋವಿಲ್ಲದಷ್ಟು ಮಾತ್ರ ಆಡಿಸಿ ಅಂತ ಹೇಳಿ ಬಿಟ್ಟರು. ಎರಡು ವರ್ಷದ ಮೇಲೆ ಬಿಟ್ಟವರಲ್ಲಿ 89 ಶೇಕಡ ಜನರ ಭುಜ ಹೆಚ್ಚುಕಡಿಮೆ ಸರಿಯಾಗಿತ್ತು. ಎಳೆಸಿಕೊಂಡವರಲ್ಲಿ 63 ಶೇಕಡ ಮಾತ್ರ. ಲೆಕ್ಕ ಅಲ್ಲೇ ಮುಗಿಯಿತಲ್ಲ.

ಫಿಸಿಯೋ, ಕೋಥ್ರೂಡ್ ಪುಣೆ
ಅರ್ಧ ಮುಗಿಯಿತು ಮೇಷ್ಟ್ರೇ. ಜೋರಾಗಿ ಎಳೆಯಬಾರದು ಅನ್ನೋದಕ್ಕೆ ಆ ಅಧ್ಯಯನವನ್ನು ನಾನೇ ರೋಗಿಗಳಿಗೆ ಹೇಳುತ್ತೇನೆ. ಆದರೆ ಅದು ಬೇರೆ ಕಾರಣವಿಲ್ಲದೆ ಹಿಡಿದ ಭುಜಗಳ ಮಾತು. ಇಲ್ಲಿ ಹತ್ತು ವರ್ಷದ ಶುಗರ್ ಇದೆ. ಶುಗರ್ ಇದ್ದವರಲ್ಲಿ ಇದು ಜಾಸ್ತಿ ದಿನ ಎಳೆಯುತ್ತೆ, ಕೊನೆಗೂ ಸ್ವಲ್ಪ ಬಿಗಿ ಉಳಿದುಬಿಡೋದು ಹೆಚ್ಚು. ತಾನಾಗಿ ಹೋಗುತ್ತೆ ಅಂತ ಎರಡು ವರ್ಷ ಕಾಯಿರಿ ಅಂದರೆ, ರಾತ್ರಿ ನಿದ್ದೆ ಇಲ್ಲದವರು ಕಾಯೋದು ಹೇಗೆ?

ಮಾಟುಂಗ ಅಜ್ಜಿ
ನಮ್ಮ ಕಾಲೋನಿಯ ಒಬ್ಬಳಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಭುಜದಿಂದ. ಕೈ ಎತ್ತೋಕೆ ಆಗಲ್ಲ ಅಂತ ಹೋದಳು, ಡಾಕ್ಟರ್ ರಕ್ತ ಪರೀಕ್ಷೆ ಬರೆದುಕೊಟ್ಟ. ಭುಜಕ್ಕೂ ರಕ್ತಕ್ಕೂ ಏನು ಸಂಬಂಧ ಅಂತ ಇವಳು ಜಗಳ ಆಡಿ ಬಂದಳು. ರಿಪೋರ್ಟ್ ಬಂದ ಮೇಲೆ ಸುಮ್ಮನಾದಳು.

ಫಿಸಿಯೋ, ಕೋಥ್ರೂಡ್ ಪುಣೆ
ಆ ಡಾಕ್ಟರ್ ಒಳ್ಳೆಯವರು ಅಜ್ಜಿ. ನಾವೂ ಹಾಗೇ ಶುಗರ್, ಥೈರಾಯ್ಡ್ ಎರಡೂ ನೋಡಿಸಿ ಅನ್ನುತ್ತೇವೆ.

ವಾರುಣಿ, ಡೊಂಬಿವಲಿ
ಪರೀಕ್ಷೆ ಮಾಡಿದೆ. ಎಡಗೈ ಅರ್ಧಕ್ಕಿಂತ ಜಾಸ್ತಿ ಬಾಗಿತು. ಬಲಗೈ ಸ್ವಲ್ಪ ಬಾಗಿಸುವಷ್ಟರಲ್ಲೇ "ಅಯ್ಯೋ" ಅಂದರು. ಇನ್ನೂ ಚೂರು ಹೋಗಿ ನಿಂತಿತು. ಅಂದರೆ ನಿಲ್ಲುವ ಮೊದಲೇ ನೋವು. ಸುಮ್ನೆ ಟಿವಿ ನೋಡ್ತಾ ಕೂತಾಗಲೂ ಒಂದು ಸೆಳೆತ ಇರುತ್ತಂತೆ. ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಸಾಧ್ಯವೇ ಇಲ್ಲ.

ನಮಸ್ಕಾರದ ಮಾತು ಕೇಳಿ ನನಗೆ ಆಶ್ಚರ್ಯ ಆಯಿತು. ಅವರ ಬೆರಳುಗಳ ನಡುವೆ ಸಂದು ಉಳಿಯುತ್ತೆ. ಹಿಂದೆ ಒಂದು ಬೆರಳು ಮಡಿಸಿದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು ಅಂತ ಚಿಕ್ಕ ಆಪರೇಷನ್ ಕೂಡ ಆಗಿದೆ. ಅದು ನಿಮಗೆ ಹೇಗೆ ಗೊತ್ತಾಯಿತು?

ಫಿಸಿಯೋ, ಕೋಥ್ರೂಡ್ ಪುಣೆ
ಗೊತ್ತಿರಲಿಲ್ಲ, ಅನುಮಾನ ಇತ್ತು. ಭುಜದ್ದೂ ಬೆರಳಿನದ್ದೂ ಬೇರು ಒಂದೇ ಇರಬಹುದು. ಕೀಲಿನ ಚೀಲ, ಬೆರಳಿನ ಸ್ನಾಯುಬಂಧದ ಹೊದಿಕೆ ಎಲ್ಲವೂ ಕಾಲಜನ್ ಅನ್ನುವ ನಾರಿನಿಂದ ಆದವು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅದು ಆ ನಾರಿಗೆ ಅಂಟುತ್ತೆ, ನಾರು ನಾರಿಗೆ ಬೆಸೆದುಕೊಳ್ಳುತ್ತೆ. ಹಾಗೆ ಬೆಸೆದ ನಾರು ಗಡುಸಾಗುತ್ತೆ, ದೇಹಕ್ಕೆ ಅದನ್ನು ಕರಗಿಸಿ ಹೊಸದು ಹಾಕೋದೂ ಕಷ್ಟ. ಇದು ತಿಂಗಳಲ್ಲಿ ಆಗೋದಲ್ಲ. ಅದಕ್ಕೇ ಶೆಟ್ರೇ, ಶುಗರ್ ಇಳಿಸಿದ ತಕ್ಷಣ ಭುಜ ಬಿಡಲ್ಲ. ಇಳಿಸಲೇಬೇಕು, ಆದರೆ ಭುಜ ಬಿಡಿಸೋಕೆ ಅಂತಲ್ಲ. ಇಂಜೆಕ್ಷನ್ನೋ ಆಪರೇಷನ್ನೋ ಆದರೆ ಸೋಂಕು ಆಗದಿರಲಿ ಅಂತ.

ಇನ್ನು ಚೀಲದ ವಿಷಯ. ತೋಳು ಕೆಳಗಿದ್ದಾಗ ಕಂಕುಳ ಕಡೆ ಚೀಲ ಮಡಿಕೆಯಾಗಿ ಜೋತಿರುತ್ತೆ. ರವಿಕೆ ಹೊಲಿಯುವಾಗ ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡ್ತಾರಲ್ಲ, ಹಾಗೆ. ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳಬೇಕು. ಇವರಲ್ಲಿ ಅದು ಊದಿ, ದಪ್ಪವಾಗಿ, ಕುಗ್ಗುತ್ತಿದೆ. ಮುಂಭಾಗದಲ್ಲಿ ಮೂಳೆಯಿಂದ ಮೂಳೆಗೆ ಹೋಗುವ ಒಂದು ಕಟ್ಟು ಇದೆ, ಅದೂ ದಪ್ಪ ಆಗುತ್ತೆ. ಕೈ ಹೊರಗೆ ಬಾಗದಂತೆ ಹಿಡಿಯೋದು ಮುಖ್ಯವಾಗಿ ಅದೇ. ಅದಕ್ಕೇ ನಿಮ್ಮ ಕೈಲಿ ಆ ಪರೀಕ್ಷೆ ಮಾಡಿಸಿದ್ದು.

ನೀವು ಬರೆದಿದ್ದನ್ನು ನೋಡಿದರೆ ಭುಜ ಇನ್ನೂ ಉರಿಯೂತದ ಹಂತದಲ್ಲಿದೆ, ಬಿಗಿಯೂ ಕೂಡಿಕೊಳ್ಳುತ್ತಿದೆ. ಸುಮ್ನೆ ಕೂತರೂ ನೋವು, ನಿಲ್ಲುವ ಮೊದಲೇ ನೋವು. ಈ ಹೊತ್ತಲ್ಲಿ ಎಳೆದರೆ ಉರಿ ಜಾಸ್ತಿ ಆಗುತ್ತೆ. ಆ ಎಳೆಯೋದನ್ನು ನಾಳೆಯಿಂದಲೇ ನಿಲ್ಲಿಸಿ.

ಲೆಕ್ಕದ ಮೇಷ್ಟ್ರು, ಕಾಂದಿವಲಿ
ಎಂಆರ್‌ಐನಲ್ಲಿ ಸ್ನಾಯುಬಂಧ ಅರ್ಧ ಹರಿದಿದೆ ಅಂತ ಇದೆಯಲ್ಲ. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಫಿಸಿಯೋ, ಕೋಥ್ರೂಡ್ ಪುಣೆ
ಐವತ್ತು ದಾಟಿದ, ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐನಲ್ಲೂ ಅದು ಕಾಣುತ್ತೆ. ಬರೀ ಸ್ನಾಯುಬಂಧ ಹರಿದಿದ್ದರೆ ಅವರಿಗೆ ಎತ್ತೋಕೆ ಬಲ ಬರಲ್ಲ, ಆದರೆ ವಾರುಣಿ ಅವರು ಎತ್ತಿದರೆ ಕೈ ಹೋಗಬೇಕು. ಇಲ್ಲಿ ಬೇರೆಯವರು ಬಾಗಿಸಿದರೂ ಹೋಗುತ್ತಿಲ್ಲ. ಆ ಒಂದು ಸಾಲು ನೋಡಿ ಸ್ನಾಯುಬಂಧ ಹೊಲಿಸೋಕೆ ಹೊರಟವರನ್ನು ನಾನು ನೋಡಿದ್ದೇನೆ. ಹೊಲಿಸಿದ ಮೇಲೆ ಪಟ್ಟಿ ಕಟ್ಟಿ ಕೂರಿಸುತ್ತಾರೆ. ಮೊದಲೇ ಬಿಗಿದ ಭುಜ ಇನ್ನೂ ಬಿಗಿಯುತ್ತೆ.

ನಿವೃತ್ತ ಸಿಸ್ಟರ್, ಠಾಣೆ
ನಾನು ಮೂಳೆ ವಿಭಾಗದ ಓಟಿಯಲ್ಲಿ ಬಹಳ ವರ್ಷ ಇದ್ದವಳು. ಅರಿವಳಿಕೆ ಕೊಟ್ಟು ಬಿಡಿಸೋದರ ಬಗ್ಗೆ ಹೇಳ್ತೀನಿ.

ರೋಗಿ ಮಲಗಿದ ಮೇಲೆ ಡಾಕ್ಟರು ತೋಳನ್ನು ಭುಜದ ಹತ್ತಿರವೇ ಹಿಡಿದು ನಿಧಾನವಾಗಿ ಎತ್ತುತ್ತಾರೆ. ಮಣಿಕಟ್ಟು ಹಿಡಿದು ಎತ್ತಿದರೆ ಸನ್ನೆಯ ಹಾಗೆ ಬಲ ಜಾಸ್ತಿ ಬಿದ್ದು ತೋಳಿನ ಮೂಳೆಯೇ ಮುರಿಯಬಹುದು. ಚೀಲ ಹರಿಯುವ ಸದ್ದು ನಮಗೆ ಕೇಳುತ್ತಿತ್ತು. ಮೂಳೆ ಸವೆದವರಿಗೆ, ವಯಸ್ಸಾದ ಹೆಂಗಸರಿಗೆ ಡಾಕ್ಟರುಗಳು ಹೆದರುತ್ತಿದ್ದರು.

ಇನ್ನೊಂದು ವಿಷಯ. ನೋವಿನ ಹಂತದಲ್ಲೇ ಬಂದ ಕೆಲವರಿಗೆ ಅರಿವಳಿಕೆ ಏರಿದ ಕೂಡಲೇ, ಯಾರೂ ಬಲ ಹಾಕದೆಯೇ ಕೈ ಅರ್ಧ ದಾರಿ ಹೋಗಿಬಿಡುತ್ತಿತ್ತು. ಅಂದರೆ ಅವರಲ್ಲಿ ಎಲ್ಲ ಬಿಗಿಯೂ ಚೀಲದ್ದಲ್ಲ. ನೋವಿಗೆ ಹೆದರಿ ಸ್ನಾಯುಗಳೇ ಬಿಗಿಹಿಡಿದಿರುತ್ತವೆ. ಹಳೆಯ ಕೇಸುಗಳಲ್ಲಿ ಹಾಗೆ ಆಗುತ್ತಿರಲಿಲ್ಲ, ಅರಿವಳಿಕೆಯಲ್ಲೂ ಕೈ ಕಟ್ಟಿಗೆಯಂತೆ ನಿಲ್ಲುತ್ತಿತ್ತು. ಐದಾರು ತಿಂಗಳಿಗೇ, ಉರಿ ಇಳಿಯುವ ಮೊದಲೇ ಬಿಡಿಸೋಣ ಅಂದರೆ ನಾನಂತೂ ಎರಡು ಸಲ ಯೋಚಿಸ್ತೀನಿ.

ಫಿಸಿಯೋ, ಕೋಥ್ರೂಡ್ ಪುಣೆ
ಸಿಸ್ಟರ್ ಹೇಳಿದ್ದು ಬಹಳ ಒಳ್ಳೆಯ ಮಾತು. ಸ್ನಾಯು ಹಿಡಿದಿದ್ದರೆ ನೋವು ಕಡಿಮೆ ಮಾಡಿದರೆ ಸಾಕು, ಒಂದಷ್ಟು ಚಲನೆ ವಾಪಸ್ ಬರುತ್ತೆ. ಅದಕ್ಕೆ ಇಂಜೆಕ್ಷನ್ ಇದೆ. ಹರಿಯುವ ಅಗತ್ಯವೇ ಇಲ್ಲ.

ಮಡಗಾಂವ್ ಮಾಮ
ಇಂಜೆಕ್ಷನ್ ಜೊತೆ ನೀರು ತುಂಬಿಸಿ ಚೀಲ ಹಿಗ್ಗಿಸುವುದೂ ಇದೆ, ಯಾರೂ ಹೇಳಲಿಲ್ಲ. ನನಗೆ ಅದನ್ನೇ ಮಾಡಿದ್ದು. ಸ್ಕ್ಯಾನ್ ಮೆಷಿನ್ ಇಟ್ಟುಕೊಂಡು ಸೂಜಿ ಹಾಕಿ ಉಪ್ಪುನೀರು ಬಿಟ್ಟರು. ಒಳಗಿಂದ ಭುಜ ಒಡೆದುಹೋಗುತ್ತದೇನೋ ಅನ್ನಿಸಿತು, ಆಮೇಲೆ ಆರಾಮ. ಒಂದು ವಾರದಲ್ಲಿ ಸ್ಕೂಟರ್ ಓಡಿಸಿದೆ. ನನ್ನ ಪ್ರಕಾರ ಎಲ್ಲರಿಗೂ ಅದೇ ಮಾಡಬೇಕು.

ಫಿಸಿಯೋ, ಕೋಥ್ರೂಡ್ ಪುಣೆ
ಮಾಮ, ಆ ನೀರಿನಲ್ಲಿ ಸ್ಟೀರಾಯ್ಡ್ ಕೂಡ ಇತ್ತಲ್ವಾ?

ಮಡಗಾಂವ್ ಮಾಮ
ಇತ್ತು. ಸ್ಟೀರಾಯ್ಡ್, ಮರಗಟ್ಟಿಸುವ ಔಷಧಿ, ನೀರು, ಮೂರೂ.

ಫಿಸಿಯೋ, ಕೋಥ್ರೂಡ್ ಪುಣೆ
ಅದೇ ತಕರಾರು. ಆರಾಮ ಕೊಟ್ಟಿದ್ದು ನೀರೋ ಸ್ಟೀರಾಯ್ಡೋ? ಹೋಲಿಸಿ ನೋಡಿದ ಅಧ್ಯಯನಗಳು ಒಂದೇ ಮಾತು ಹೇಳಲ್ಲ. ಕೆಲವರಲ್ಲಿ ಸ್ವಲ್ಪ ಹೆಚ್ಚು ಅನುಕೂಲ ಕಂಡಿದೆ, ಕೆಲವರಲ್ಲಿ ಬರೀ ಸ್ಟೀರಾಯ್ಡ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಒಳ್ಳೆಯ ಭುಜದೊಳಗೆ 15ರಿಂದ 30 ಎಂಎಲ್ ಹಿಡಿಯುತ್ತೆ. ಪೂರ್ತಿ ಹಿಡಿದುಹೋದ ಭುಜದಲ್ಲಿ 10ಕ್ಕಿಂತ ಕಡಿಮೆ. ಹಾಗಾಗಿ ಬಿಗಿ ಕೂತ ಮೇಲೆ ಹಿಗ್ಗಿಸೋದಕ್ಕೆ ಅರ್ಥ ಇದೆ ಅಂತ ನನಗನ್ನಿಸುತ್ತೆ. ನೋವಿನ ಹಂತದಲ್ಲಿ ಬರೀ ಇಂಜೆಕ್ಷನ್ ಸಾಕು.

ಮಡಗಾಂವ್ ಮಾಮ
ನಿಮಗನ್ನಿಸಿದ್ದು ನಿಮಗೆ, ನನಗಾಗಿದ್ದು ನನಗೆ.

ಹೋಟೆಲ್ ಶೆಟ್ರು, ಮುಲುಂಡ್
ಎಲ್ಲ ಸೇರಿ ಆ ಅಕ್ಕನ ಯಜಮಾನ್ರಿಗೆ ಸ್ಟೀರಾಯ್ಡ್ ಚುಚ್ಚಿಸ್ತಾ ಇದ್ದೀರಿ. 8.9 ಇದೆ ಮಾರಾಯ್ರೆ! ಏನಾದ್ರೂ ಆದ್ರೆ ನೀವು ಬರ್ತೀರಾ?

ನಿವೃತ್ತ ಸಿಸ್ಟರ್, ಠಾಣೆ
ಶೆಟ್ರೇ, ಹೆದರಿಕೆ ಸುಳ್ಳಲ್ಲ. ಶುಗರ್ ಏರೇ ಏರುತ್ತೆ. ಆದರೆ ಏರಿದ್ದು ಅಲ್ಲೇ ನಿಲ್ಲಲ್ಲ. ಸಾಮಾನ್ಯವಾಗಿ ಮೊದಲ ದಿನವೋ ಎರಡನೇ ದಿನವೋ ಏರಿ, ಒಂದು ವಾರದೊಳಗೆ ಇಳಿಯುತ್ತೆ. ದಿನಾ ನುಂಗುವ ಸ್ಟೀರಾಯ್ಡ್ ಮಾತ್ರೆಯ ಕಥೆ ಬೇರೆ.

ವಾರುಣಿ ಅವರೇ, ಚುಚ್ಚಿಸುವ ಮೊದಲು ಶುಗರ್ ಡಾಕ್ಟರನ್ನು ಕೇಳಿ. ಮನೆಯಲ್ಲಿ ಮೀಟರ್ ಇರಲಿ. ಎಷ್ಟಾದರೆ ಫೋನ್ ಮಾಡಬೇಕು ಅಂತ ಅವರ ಬಾಯಿಂದಲೇ ಬರೆಸಿಕೊಳ್ಳಿ. ಮಾತ್ರೆ ನೀವೇ ಜಾಸ್ತಿ ಮಾಡಬೇಡಿ. ಇಂಜೆಕ್ಷನ್ ಆದ ಮೇಲೆ ಭುಜ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಶುಗರ್ ವಿಷಯ ಅಲ್ಲ, ಸೋಂಕು. ಅವತ್ತೇ ಹೋಗಬೇಕು.

ಧಾರವಾಡದಾಂವ, ಹಿಂಜವಡಿ
ನನ್ನ ಪ್ರಶ್ನೆಗೆ ಯಾರೂ ಪೂರಾ ಉತ್ತರ ಕೊಡಲಿಲ್ಲ ನೋಡ್ರಿ.

ವಾರುಣಿ, ಡೊಂಬಿವಲಿ
ಎಲ್ಲರಿಗೂ ಥ್ಯಾಂಕ್ಸ್. ಆದದ್ದನ್ನು ಬರೀತೀನಿ. ಎಳೆಯೋದು ನಿಲ್ಲಿಸಿದ್ವಿ. ಶುಗರ್ ಡಾಕ್ಟರು ಒಪ್ಪಿದರು. ಸ್ಕ್ಯಾನ್ ನೋಡಿಕೊಂಡು ಕೀಲಿನೊಳಗೆ 40 ಮಿಲಿಗ್ರಾಂ ಟ್ರೈಯಾಮ್ಸಿನೊಲೋನ್ ಹಾಕಿದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆ ಶುಗರ್ 150ರ ಆಸುಪಾಸು ಇರುತ್ತಿತ್ತು. ಮಾರನೇ ದಿನ 230. ಊಟ ಆದ ಮೇಲೆ 300 ದಾಟಿತು, ನನಗೆ ಗಾಬರಿ. ಡಾಕ್ಟರಿಗೆ ಫೋನ್ ಮಾಡಿದೆ. ನೀರು ಚೆನ್ನಾಗಿ ಕುಡಿಯಲಿ, ಅನ್ನ ಕಡಿಮೆ ಮಾಡಿ, ಮಾತ್ರೆ ಹಾಗೇ ಇರಲಿ, ದಿನಾ ನಂಬರ್ ಕಳಿಸಿ ಅಂದರು. ವಾರ ಮುಗಿಯೋದರೊಳಗೆ ಮೊದಲಿನ ಹಾಗಾಯಿತು.

ಮುಖ್ಯವಾದದ್ದು, ಈಗ ರಾತ್ರಿ ಮಲಗ್ತಾರೆ. ಟಿವಿ ನೋಡುವಾಗಿನ ಸೆಳೆತ ಇಲ್ಲ. ಕೈ ಮೊದಲಿಗಿಂತ ಸ್ವಲ್ಪ ಮೇಲೆ ಹೋಗುತ್ತೆ. ಆದರೆ ಒಂದು ಕಡೆ ಬಂದು ನಿಂತುಬಿಡುತ್ತೆ, ನೋವು ಅಲ್ಲಿ ಮಾತ್ರ. ಅಂದರೆ ಈಗ ಹಂತ ಬದಲಾಯಿತಾ?

ಫಿಸಿಯೋ, ಕೋಥ್ರೂಡ್ ಪುಣೆ
ಬದಲಾಗುತ್ತಿದೆ. ನೋವು ಕೊನೆಯಲ್ಲಿ ಮಾತ್ರ ಬಂದರೆ ಉರಿ ಇಳಿದು ಬಿಗಿ ಉಳಿದಿದೆ ಅಂತ ಅರ್ಥ. ಈಗ ಹಿಗ್ಗಿಸುವ ವ್ಯಾಯಾಮಕ್ಕೆ ಬೆಲೆ ಇದೆ. ಇಂಜೆಕ್ಷನ್ನಿನ ಆರಾಮ ಕೆಲವು ವಾರ ಮಾತ್ರ ಗಟ್ಟಿಯಾಗಿರುತ್ತೆ, ಆ ಸಮಯ ಹಾಳು ಮಾಡಬೇಡಿ.

ಅಂಗಾತ ಮಲಗಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯಿಂದ ಬಲಗೈಯನ್ನು ಹೊರಗೆ ತಳ್ಳಿಸಬೇಕು. ಮೊಣಕೈ ಪಕ್ಕೆ ಬಿಡಬಾರದು, ಕೆಳಗೊಂದು ಮಡಿಸಿದ ಟವೆಲ್ ಇಡಿ. ಬಿಗಿ ಗೊತ್ತಾಗುವ ಕಡೆ ಅರ್ಧ ನಿಮಿಷ ಹಿಡಿದು ಬಿಡಬೇಕು. ಹೀಗೆ ಕೆಲವು ಸಲ, ದಿನಕ್ಕೆ ಎರಡು ಮೂರು ಹೊತ್ತು. ಮೊದಲು ಬಿಸಿನೀರಿನ ಸ್ನಾನ ಆಗಿದ್ದರೆ ಸುಲಭ. ಆಮೇಲೆ ಗೋಡೆ ಮೇಲೆ ಬೆರಳು ನಡೆಸೋದು. ಅದನ್ನು ಮಾಡುವಾಗ ಭುಜವನ್ನು ಕಿವಿ ಕಡೆ ಎಳೆದುಕೊಂಡು ಎತ್ತರ ತೋರಿಸುತ್ತಾರೆ, ನೋಡ್ತಾ ಇರಿ. ಅದು ಬೆನ್ನಿನ ಹಲಗೆ ಮೂಳೆಯ ಕೆಲಸ, ಕೀಲು ಒಂದು ಚೂರೂ ಬಿಚ್ಚಿರಲ್ಲ.

ವ್ಯಾಯಾಮದ ನೋವು ಸ್ವಲ್ಪ ಹೊತ್ತಲ್ಲಿ ಇಳಿಯಬೇಕು. ಆ ರಾತ್ರಿ ನಿದ್ದೆ ಕೆಟ್ಟರೆ ಜಾಸ್ತಿ ಆಯಿತು ಅಂತ ತಿಳಿದು ಮಾರನೇ ದಿನ ಕಡಿಮೆ ಮಾಡಿ.

ಲೆಕ್ಕದ ಮೇಷ್ಟ್ರು, ಕಾಂದಿವಲಿ
ಇದೂ ಆಗದಿದ್ದರೆ ಆಗ ಅರಿವಳಿಕೆ ಕೊಟ್ಟು ಬಿಡಿಸೋದೋ, ದುರ್ಬೀನು ಹಾಕಿ ಚೀಲ ಕತ್ತರಿಸೋದೋ? ಬ್ರಿಟನ್ನಿನಲ್ಲಿ 503 ಜನರ ಮೇಲೆ ಮೂರನ್ನೂ ಹೋಲಿಸಿದ್ದರಲ್ಲ, 2020ರಲ್ಲಿ ಬಂತು. ಒಂದು ವರ್ಷದ ಕೊನೆಗೆ ಯಾವುದೂ ಇನ್ನೊಂದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಅಂತ ಬಂತು.

ಫಿಸಿಯೋ, ಕೋಥ್ರೂಡ್ ಪುಣೆ
ಹೌದು. ಅದರಲ್ಲಿ ಮೂರನೆಯದು ಇಂಜೆಕ್ಷನ್ ಜೊತೆಗಿನ ಫಿಸಿಯೋ. ಈಗ ಇವರು ಮಾಡ್ತಾ ಇರೋದೂ ಹೆಚ್ಚುಕಡಿಮೆ ಅದೇ. ಹಾಗಾಗಿ ಆತುರ ಬೇಡ. ಕೆಲವು ತಿಂಗಳು ಸರಿಯಾಗಿ ಮಾಡಿಯೂ ಕೈ ಹೊರಗೆ ಬಾಗದೇ ಇದ್ದರೆ ಆಗ ಸರ್ಜನ್ ಮಾತು ಕೇಳಬೇಕು. ಶುಗರ್ ಇದ್ದವರಲ್ಲಿ ಬರೀ ಬಲದಿಂದ ಬಿಡಿಸಿದ್ದು ಮತ್ತೆ ಬಿಗಿಯೋದು ಜಾಸ್ತಿ ಅಂತ ದುರ್ಬೀನು ಕಡೆ ಒಲಿಯುವ ಸರ್ಜನ್‌ಗಳಿದ್ದಾರೆ. ಖರ್ಚು ಹೆಚ್ಚು, ನರಕ್ಕೆ ಪೆಟ್ಟಾಗುವ ಸಣ್ಣ ಅಪಾಯವೂ ಇದೆ.

ನಿವೃತ್ತ ಸಿಸ್ಟರ್, ಠಾಣೆ
ನಾನು ಒಪ್ಪಲ್ಲ. ಒಳ್ಳೆಯ ಕೈಯವರು ಬಿಡಿಸಿದರೆ ಶುಗರ್ ಇದ್ದವರೂ ಚೆನ್ನಾಗೇ ಆಗಿದ್ದಾರೆ. ಮಾರನೇ ದಿನದಿಂದ ಆಡಿಸದೇ ಮಲಗಿದವರದ್ದೇ ಮತ್ತೆ ಹಿಡಿದಿದ್ದು. ಎರಡರಲ್ಲೂ ಆಮೇಲಿನ ಆರು ವಾರವೇ ಆಪರೇಷನ್.

ಫಿಸಿಯೋ, ಕೋಥ್ರೂಡ್ ಪುಣೆ
ಆಮೇಲಿನ ಆರು ವಾರದ ಮಾತು ಒಪ್ಪಿದೆ. ಉಳಿದದ್ದಕ್ಕೆ ಜಗಳ ಬಾಕಿ ಇರಲಿ.

ವಾರುಣಿ, ಡೊಂಬಿವಲಿ
ಇನ್ನೊಂದು ಭಯ. ನಿನ್ನೆಯಿಂದ ಎಡ ಭುಜವೂ ಸ್ವಲ್ಪ ನೋಯುತ್ತೆ ಅನ್ನುತ್ತಿದ್ದಾರೆ. ಲೋಕಲ್‌ನಲ್ಲಿ ಈಗ ಎಡಗೈಯಲ್ಲೇ ನೇತಾಡೋದು.

ಫಿಸಿಯೋ, ಕೋಥ್ರೂಡ್ ಪುಣೆ
ಶುಗರ್ ಇದ್ದವರಿಗೆ ಎರಡೂ ಕಡೆ ಬರೋದು ಇದೆ. ಆದರೆ ನೇತಾಡಿದ ಕೈ ನೋಯೋದೂ ಇದೆ. ಅದೇ ಮಲಗಿಸಿ ಬಾಗಿಸುವ ಪರೀಕ್ಷೆ ಎಡಕ್ಕೆ ವಾರಕ್ಕೊಮ್ಮೆ ಮಾಡಿ. ಮೊದಲು ಬಾಗಿದ್ದಷ್ಟೇ ಬಾಗಿದರೆ ಸದ್ಯಕ್ಕೆ ಚಿಂತೆ ಬೇಡ. ಕಡಿಮೆ ಆಗುತ್ತಾ ಬಂದರೆ ಬೇಗ ತೋರಿಸಿ, ಈ ಸಲ ಐದು ತಿಂಗಳು ಕಾಯಬೇಡಿ.

ಮಾಟುಂಗ ಅಜ್ಜಿ
ಡೊಂಬಿವಲಿ ಫಾಸ್ಟ್‌ನಲ್ಲಿ ನೇತಾಡೋದಾ? ಸ್ಲೋ ಹಿಡಿದು ಕೂತು ಬರಲಿ, ಅರ್ಧ ಗಂಟೆ ಲೇಟಾದರೆ ಬ್ಯಾಂಕ್ ಮುಳುಗಲ್ಲ.

ವಾರುಣಿ, ಡೊಂಬಿವಲಿ
ಅಜ್ಜಿ, ಎಂಟೂವರೆಗೆ ಸ್ಲೋದಲ್ಲೂ ಸೀಟು ಸಿಗಲ್ಲ!

ಧಾರವಾಡದಾಂವ, ಹಿಂಜವಡಿ
ನನ್ನ ಭುಜದ ಬಗ್ಗೆ ಯಾರರ...

ಫಿಸಿಯೋ, ಕೋಥ್ರೂಡ್ ಪುಣೆ
ನಿಮ್ಮದು ಬೇರೆ ಥ್ರೆಡ್ ಹಾಕಿ ಮಾರಾಯ್ರೆ. ಅಲ್ಲಿವರೆಗೆ ಬೆಂಚ್ ಪ್ರೆಸ್ ನಿಲ್ಲಿಸಿ.